ಫೆಬ್ರುವರಿ 29 ಇರಲೇ ಇಲ್ಲವಂತೆ!

ಸಹಾಯವಾಣಿಯವರೇ,

ಮತ್ತೆ ಅದೇ ಕೆಂಪಕ್ಷರ: `Invalid date of birth`. ನಾನು ಹುಟ್ಟಿದ್ದು 29-02-2000. ಜನನ ಪ್ರಮಾಣಪತ್ರದಲ್ಲಿ ಅದೇ ಇದೆ, ಗುರುತಿನ ಚೀಟಿಯಲ್ಲೂ ಅದೇ, ಅರ್ಜಿಯಲ್ಲಿ ತುಂಬಿದ್ದೂ ಅದನ್ನೇ. ತಪ್ಪೆಲ್ಲಿದೆ, ಹೇಳಿ.

ಈಗಷ್ಟೇ ನಿಮ್ಮವರೊಬ್ಬರ ಹತ್ತಿರ ಫೋನಿನಲ್ಲಿ ಮಾತಾಡಿದೆ. "ಆ ವರ್ಷ ಫೆಬ್ರುವರಿಗೆ ಇಪ್ಪತ್ತೆಂಟೇ ದಿನ ಮೇಡಂ, ಸಿಸ್ಟಮ್ ಸುಮ್ಮನೆ ಹೇಳಲ್ಲ" ಅಂದರು. ಇತ್ತು ಸರ್, ಮಂಗಳವಾರ, ಕ್ಯಾಲೆಂಡರ್ ತೆಗೆದು ನೋಡಿ ಅಂದೆ. ನೋಡಲಿಲ್ಲ. "ಮನೇಲಿ ದೊಡ್ಡವರನ್ನ ಒಂದ್ಸಲ ಕೇಳಿ" ಅಂದರು. ನಾನು ಉತ್ತರ ಹುಡುಕುತ್ತಿರುವಾಗಲೇ ಪಕ್ಕದವರಿಗೆ ಹೇಳಿದ್ದು ಕೇಳಿಸಿತು: "ಹುಟ್ಟಿದ ದಿನಾನೇ ಗೊತ್ತಿಲ್ಲ ಇವರಿಗೆ." ಆ ಕಡೆ ನಗು. ಫೋನ್ ಇಟ್ಟಮೇಲೂ ಆ ನಗು ಕಿವಿಯಲ್ಲೇ ಇದೆ. ನನ್ನ ಅಮ್ಮನಿಗೆ ಗೊತ್ತಿಲ್ಲವೇ ನಾನು ಯಾವತ್ತು ಹುಟ್ಟಿದೆ ಅಂತ?

ಕೊನೆಗೆ ಕೊಟ್ಟ ಪರಿಹಾರ, "28 ಅಂತ ಹಾಕ್ಬಿಡಿ." ಹಾಕಿದರೆ ಅರ್ಜಿ ಮುಂದಿನ ಪುಟಕ್ಕೆ ಹೋಗುತ್ತದೆ. ದಾಖಲೆ ಪರಿಶೀಲನೆಯಲ್ಲಿ ಪ್ರಮಾಣಪತ್ರಕ್ಕೆ ತಾಳೆಯಾಗದೆ ಬಿದ್ದುಹೋಗುತ್ತದೆ. ಆಗ ಸುಳ್ಳು ಮಾಹಿತಿ ಕೊಟ್ಟವಳು ನಾನಾಗುತ್ತೇನೆ, ನೀವಲ್ಲ.

ಎಲ್ಲಿ ಕೆಟ್ಟಿದೆ ಅಂತ ನಾನೇ ಹುಡುಕಿದ್ದೇನೆ. ಅದೇ ಜಾಗದಲ್ಲಿ 29-02-1996 ಹಾಕಿದರೆ ಕೆಂಪಕ್ಷರ ಬರುವುದಿಲ್ಲ. 29-02-2004 ಹಾಕಿದರೂ ಇಲ್ಲ. 2000ಕ್ಕೆ ಮಾತ್ರ ಬರುತ್ತದೆ. ಅಂದರೆ ನಿಮ್ಮ ಪರೀಕ್ಷೆ ಬಹುತೇಕ ಹೀಗಿರಬೇಕು:

```
year % 4 == 0 && year % 100 != 0
```

ನಾಲ್ಕರಿಂದ ಭಾಗವಾಗುವ ವರ್ಷ ಅಧಿಕ ವರ್ಷ, ನೂರರಿಂದ ಭಾಗವಾದರೆ ಅಲ್ಲ. ಇಲ್ಲಿಗೇ ನಿಲ್ಲಿಸಿದ್ದೀರಿ. ಆದರೆ ನಾನೂರರಿಂದಲೂ ಭಾಗವಾದರೆ ಅದು ಅಧಿಕ ವರ್ಷವೇ. 1582ರಲ್ಲಿ ಗ್ರೆಗೋರಿಯನ್ ಪಂಚಾಂಗ ಬಂದಾಗಿನಿಂದ ಇರುವ ನಿಯಮ. ಅದಕ್ಕೇ 1900ರಲ್ಲಿ ಫೆಬ್ರುವರಿ 29 ಇರಲಿಲ್ಲ, 2000ದಲ್ಲಿ ಇತ್ತು. ಸಾಲಿನ ಕೊನೆಗೆ `|| year % 400 == 0` ಸೇರಿಸಬೇಕು, ಅಷ್ಟೇ.

ಬಿಡಿ, ಅದನ್ನು ನೀವು ಸರಿಮಾಡುತ್ತೀರಿ ಅನ್ನುವ ಆಸೆ ನನಗಿಲ್ಲ. ಯಾಕಿರಬಾರದು? ಅದೇ ದಿನ ಹುಟ್ಟಿದ ಇನ್ನೊಬ್ಬರೂ ನಾಳೆ ಇದೇ ನಗು ಕೇಳಬೇಕೇ?

ಸದ್ಯಕ್ಕೆ ನನ್ನ ಅರ್ಜಿಯನ್ನು ಒಬ್ಬ ಮನುಷ್ಯರು ಕೈಗೆತ್ತಿಕೊಳ್ಳಲಿ. ಜನನ ಪ್ರಮಾಣಪತ್ರ ಮತ್ತು ಕೆಂಪಕ್ಷರದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಪತ್ರ ನೋಡಿ ದಿನಾಂಕವನ್ನು ನಿಮ್ಮ ಕಡೆಯಿಂದಲೇ ನಮೂದಿಸಿ. ಆಗದಿದ್ದರೆ, ಆಗದು ಎಂದು ಕಾರಣಸಹಿತ ಬರೆದು, ಬರೆದವರು ಹೆಸರು ಹಾಕಲಿ. "ವಿವರ ಸರಿಪಡಿಸಿ ಮತ್ತೆ ಸಲ್ಲಿಸಿ" ಅನ್ನುವ ಯಂತ್ರದ ಉತ್ತರ ಮಾತ್ರ ಕಳಿಸಬೇಡಿ. ಸರಿಪಡಿಸುವುದಕ್ಕೆ ನನ್ನ ಹತ್ತಿರ ಬೇರೆ ಹುಟ್ಟಿದ ದಿನ ಇಲ್ಲ.