ಸ್ಪಷ್ಟನೆ: ಗುಂಡು ಹರಳೆಲ್ಲ ನಕಲಿಯಲ್ಲ

"ಹರಳು ಗುಂಡಗೆ, ನುಣ್ಣಗೆ ಇದ್ರೆ ಗಾಜು. ಅಸಲಿ ಮಾಣಿಕ್ಯ ಮಿಂಚಲೇಬೇಕು. ಎಲ್ಲರಿಗೂ ಕಳಿಸಿ."

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು. ಮಿಂಚು ಬರುವುದು ಕಟಿಂಗ್‌ನಿಂದ. ಗಾಜಿಗೂ ಹತ್ತಾರು ಚಪ್ಪಟೆ ಮುಖಗಳಿರುವ ಬ್ರಿಲಿಯಂಟ್ ಕಟ್ ಕೊಟ್ಟರೆ ಅದೂ ಮಿಂಚುತ್ತದೆ.

ಬ್ರಿಲಿಯಂಟ್ ಕಟ್‌ನಲ್ಲಿ ಮೇಲಿಂದ ಒಳಹೋದ ಬೆಳಕು ಕೆಳಗಿನ ಮುಖಗಳಿಗೆ ಬಡಿದು ವಾಪಸ್ ಬರುತ್ತದೆ. ಅದಕ್ಕೆ ಹರಳು ತಿಳಿಯಾಗಿರಬೇಕು. ಪಚ್ಚೆಗೆ ಹೆಚ್ಚಾಗಿ ಮಾಡುವ, ಮೆಟ್ಟಿಲಿನಂತೆ ಮುಖಗಳಿರುವ ಸ್ಟೆಪ್ ಕಟ್‌ನಲ್ಲಿ ಮಿಂಚು ಕಡಿಮೆ, ಬಣ್ಣ ಜಾಸ್ತಿ ಕಾಣುತ್ತದೆ. ಪಚ್ಚೆಯ ಮೂಲೆ ಸುಲಭವಾಗಿ ಚಕ್ಕೆ ಏಳುತ್ತದೆ, ಹಾಗಾಗಿ ಮೂಲೆಗಳನ್ನೂ ಕತ್ತರಿಸಿರುತ್ತಾರೆ.

ನಕ್ಷತ್ರ ಮಾಣಿಕ್ಯದ ಕಥೆಯೇ ಬೇರೆ. ಅದರೊಳಗೆ ರೂಟೈಲ್ ಎಂಬ ಖನಿಜದ ಕೂದಲಿಗಿಂತ ಸಣ್ಣ ಸೂಜಿಗಳು ಮೂರು ದಿಕ್ಕಿನಲ್ಲಿ ಹಾಸಿರುತ್ತವೆ. ಅವುಗಳ ಮೇಲೆ ಬಿದ್ದ ಬೆಳಕು ಆರು ಕಾಲಿನ ನಕ್ಷತ್ರವಾಗುತ್ತದೆ, ಆದರೆ ಮೇಲ್ಮೈ ಗುಮ್ಮಟದಂತಿದ್ದರೆ ಮಾತ್ರ. ಇದೇ ಕ್ಯಾಬೋಶಾನ್ ಕಟ್. ಚಪ್ಪಟೆ ಮುಖಗಳಾಗಿ ಕತ್ತರಿಸಿದರೆ ನಕ್ಷತ್ರವೇ ಹೋಯಿತು! ಹರಳಿನ ತಳ ಆ ಸೂಜಿಗಳ ಮಟ್ಟಕ್ಕೆ ಸಮನಾಗಿರಬೇಕು, ಇಲ್ಲದಿದ್ದರೆ ನಕ್ಷತ್ರ ಒಂದು ಪಕ್ಕಕ್ಕೆ ಜಾರುತ್ತದೆ.

ನೋಡಬೇಕಾದರೆ ಟ್ಯೂಬ್‌ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಒಂದನ್ನೇ ನೇರ ಮೇಲಿಂದ ಹಿಡಿಯಿರಿ. ಹರಳು ಓಲಾಡಿಸಿದರೆ ನಕ್ಷತ್ರವೂ ಸರಿಯುತ್ತದೆ. ಹಾಗಂತ ನಕ್ಷತ್ರ ಕಂಡಿತು, ಅಸಲಿ ಅಂತ ಸುಮ್ನೆ ದುಡ್ಡು ಕೊಡಬೇಡಿ. ಕಾರ್ಖಾನೆಯಲ್ಲಿ ಬೆಳೆಸಿದ ನಕ್ಷತ್ರ ಮಾಣಿಕ್ಯವೂ ಮಾರುಕಟ್ಟೆಯಲ್ಲಿದೆ. ಬೆಲೆಬಾಳುವ ಹರಳಾದರೆ ಲ್ಯಾಬ್ ವರದಿ ಕೇಳಿ.

ಅಜ್ಜಿಯ ಹಳೇ ಉಂಗುರ ಗುಂಡಗಿದೆ ಅಂತ ಅಗ್ಗಕ್ಕೆ ಮಾರಿಬಿಡಬೇಡಿ. ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.