ಕುರ್ಚಿ ಹೋಯಿತು, ಮಂಜು ಬಂತು

ಮದುವೆಯ ಗ್ರೂಪ್ ಫೋಟೋ ಅಂದಮೇಲೆ ಮುಂದಿನ ಸಾಲಿನ ಪಕ್ಕ ಯಾರೋ ಬಿಟ್ಟುಹೋದ ಕೆಂಪು ಪ್ಲಾಸ್ಟಿಕ್ ಕುರ್ಚಿ ಇರಲೇಬೇಕು. ಫೋಟೋಶಾಪ್‌ನಲ್ಲಿ ಅದರ ಸುತ್ತ ಗೆರೆ ಎಳೆದು, ಎಐ ಬಳಸಿ ಜಾಗ ತುಂಬುವ ಜನರೇಟಿವ್ ಫಿಲ್ ಒತ್ತಿದರೆ ಕುರ್ಚಿ ಮಾಯ, ಕಾರ್ಪೆಟ್ ಹಾಜರ್. ಆದರೆ ಪ್ರತಿ ಮನೆಯಲ್ಲೂ ಒಬ್ಬರು ಚಿಕ್ಕಪ್ಪ ಇರುತ್ತಾರೆ. ಅವರಿಗೆ ವಧೂವರರು ಬೇಕಿಲ್ಲ. ಕನ್ನಡಕ ಹಣೆಗೇರಿಸಿ, ಎರಡು ಬೆರಳಿಟ್ಟು ಮೂಲೆಯನ್ನೇ ಹಿಗ್ಗಿಸುತ್ತಾರೆ, ಮತ್ತೂ ಹಿಗ್ಗಿಸುತ್ತಾರೆ. ಮಗಳ ಮುಖ ನೋಡಲು ಎರಡು ಸೆಕೆಂಡು, ಕಾರ್ಪೆಟ್ ನೋಡಲು ಹತ್ತು ನಿಮಿಷ. ಕೊನೆಗೆ, "ಇಲ್ಲೇನೋ ಮಂಜುಮಂಜಾಗಿದೆಯಲ್ಲಪ್ಪಾ!" ಸಿಟ್ಟು ಬರುವುದೇ ಅವರು ಹೇಳಿದ್ದು ನಿಜವಾದ್ದರಿಂದ.

ಕ್ಯಾಮೆರಾ ಕೊಟ್ಟ ಚಿತ್ರ 6000×4000 ಪಿಕ್ಸೆಲ್, ಕುರ್ಚಿಯ ಜಾಗ 3000×3000 ಅಂದುಕೊಳ್ಳಿ. ಈ ಸೌಲಭ್ಯ 2023ರಲ್ಲಿ ಬಂದಾಗ ತುಂಬುವ ಚಿತ್ರ ಹೆಚ್ಚೆಂದರೆ 1024×1024 ಇರುತ್ತಿತ್ತು. ಅದನ್ನೇ ಎಳೆದು ಜಾಗಕ್ಕೆ ಹೊಂದಿಸುತ್ತಿದ್ದರು: ಒಂದು ಹೋಳಿಗೆಯ ಕಣಕವನ್ನು ಒಂಬತ್ತು ಹೋಳಿಗೆಗೆ ಲಟ್ಟಿಸಿದ ಹಾಗೆ. ಜೊತೆಗೆ, ಛತ್ರದ ಮಂದ ಬೆಳಕಲ್ಲಿ ಕ್ಯಾಮೆರಾ ತುಂಬಿದ ಸಣ್ಣ ಕಾಳು, ಅಂದರೆ ನಾಯ್ಸ್, ತೇಪೆಯಲ್ಲಿ ಇರುವುದಿಲ್ಲ.

ಬರೀ ಗೋಡೆ, ಹುಲ್ಲು ಇದ್ದರೆ ಉಪಾಯ ಸುಲಭ. ಮಾರ್ಕೀ ಟೂಲ್‌ನ ಅಳತೆಯನ್ನು 1000×1000ಕ್ಕೆ ಕಟ್ಟಿಟ್ಟು, ಅಕ್ಕಪಕ್ಕದ ತುಂಡುಗಳು ನೂರು ಪಿಕ್ಸೆಲ್ ಒಂದರ ಮೇಲೊಂದು ಬರುವಂತೆ ತುಂಡುತುಂಡಾಗಿ ತುಂಬಿ. ಬಳ್ಳಿ ಬಿಡಿಸಿದ ಕಾರ್ಪೆಟ್ಟಿಗೆ ಇದು ಆಗದು, ಪ್ರತಿ ತುಂಡೂ ತನ್ನದೇ ಬಳ್ಳಿ ಬಿಡಿಸುತ್ತದೆ.

ಅಲ್ಲಿ ಒಂದೇ ಸಲ ತುಂಬಿ, ತೇಪೆಯನ್ನು ಬೇರೆ ಫೈಲಿಗೆ ತೆಗೆದು 1024ಕ್ಕೆ ಕುಗ್ಗಿಸಿ. ಹೆದರಬೇಡಿ, 1024ರಿಂದ ಎಳೆದ ತೇಪೆಯಾದರೆ ಕಳೆದುಕೊಳ್ಳಲು ಅದರಲ್ಲಿ ವಿವರ ಇದ್ದರೆ ತಾನೆ! ಟಿಫ್ ಆಗಿ ಉಳಿಸಿ, ಕ್ಯಾಮೆರಾ ರಾ ಒಳಗಿನ ಸೂಪರ್ ರೆಸಲ್ಯೂಶನ್ ಕೊಟ್ಟರೆ ಎರಡೂ ಬದಿ ದುಪ್ಪಟ್ಟಾಗುತ್ತದೆ. ಉಳಿದ ಒಂದೂವರೆ ಪಟ್ಟನ್ನು ಇಮೇಜ್ ಸೈಜ್‌ನ ಪ್ರಿಸರ್ವ್ ಡೀಟೇಲ್ಸ್ 2.0ಕ್ಕೆ ಬಿಡಿ. ಮೂಲ ಜಾಗಕ್ಕೆ ತಂದು ಕೂರಿಸಿದ ಮೇಲೆ ಶಾರ್ಪನ್ ಮಾಡಿ, ಕಾಳು ಆಮೇಲೆ. ಹಿಂದುಮುಂದಾದರೆ ಶಾರ್ಪನಿಂಗ್ ಕಾಳನ್ನೇ ಕಲ್ಲು ಮಾಡುತ್ತದೆ.

ಕಾಳಿಗೆ 50% ಬೂದು ಬಣ್ಣದ ಲೇಯರನ್ನು ತೇಪೆಗೆ ಮಾತ್ರ ಕ್ಲಿಪ್ ಮಾಡಿ, ಓವರ್‌ಲೇ ಮೋಡ್‌ಗೆ ಹಾಕಿ. ಆ್ಯಡ್ ನಾಯ್ಸ್‌ನಲ್ಲಿ ಮಾನೋಕ್ರೊಮ್ಯಾಟಿಕ್ 3%ರಿಂದ ಶುರುಮಾಡಿ, ಅದರ ಮೇಲೆ 0.4 ಪಿಕ್ಸೆಲ್ ಬ್ಲರ್. ಪಕ್ಕದ ಅಸಲಿ ಕಾರ್ಪೆಟ್ಟಿನ ಜೊತೆ 100% ಜೂಮ್‌ನಲ್ಲೇ ಹೋಲಿಸಿ, ಚಿಕ್ಕಪ್ಪನೂ ಅಲ್ಲೇ ನೋಡುವುದು. ಅಂಚಿನ ಮಾಸ್ಕ್‌ಗೆ ನಾಲ್ಕೈದು ಪಿಕ್ಸೆಲ್ ಫೆದರ್ ಸಾಕು. ನಲವತ್ತು ಕೊಟ್ಟರೆ ಮಸುಕೂ ಚೂಪೂ ಬೆರೆತು ಸುತ್ತ ಪ್ರಭಾವಳಿ ಮೂಡುತ್ತದೆ.

ಸ್ಟುಡಿಯೋದಲ್ಲಿ ಪೆನ್ಸಿಲ್ ಹಿಡಿದು ನೆಗೆಟಿವ್ ತಿದ್ದುತ್ತಿದ್ದವರು ಪುಣ್ಯವಂತರು. ಗೋಡೆಗೆ ನೇತುಹಾಕಿದ ಆ ಫೋಟೋವನ್ನು ಹಿಗ್ಗಿಸುವ ಬೆರಳು ಆಗ ಇರಲಿಲ್ಲ.

ಕುರ್ಚಿಯ ಹಿಂದೆ ಜರಿ ಸೀರೆಯ ಅಂಚೋ ಕೈಬೆರಳೋ ಇದ್ದರೆ ಇದಾವುದೂ ನಡೆಯದು. ಜರಿಯ ಕಸೂತಿಯನ್ನು ಅಪ್‌ಸ್ಕೇಲ್ ಊಹಿಸಿ ಬಿಡಿಸುತ್ತದೆ, ಸೀರೆ ಉಟ್ಟವರು ತಕ್ಷಣ ಗುರುತಿಸುತ್ತಾರೆ. ಗ್ರೂಪ್ ಫೋಟೋವನ್ನು ಸಾಮಾನ್ಯವಾಗಿ ಮೂರ್ನಾಲ್ಕು ಸಲ ಕ್ಲಿಕ್ಕಿಸಿರುತ್ತಾರೆ. ಕುರ್ಚಿ ಒಂದಿಷ್ಟು ಸರಿದಿರುವ ಇನ್ನೊಂದು ಫ್ರೇಮ್ ಹುಡುಕಿ, ಆ ಅಂಚನ್ನು ಅಲ್ಲಿಂದಲೇ ಕತ್ತರಿಸಿ ತಂದು ಕೂರಿಸಿ.