ಶುಕ್ರವಾರದ ಹರಾಜು ಮತ್ತು ಮಾಚೇನಹಳ್ಳಿಯ ಸಾಲ

ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಪ್ರಕಟಿಸುವ ದಿನ ಶಿವಮೊಗ್ಗದ ಉದ್ಯಮಿಗಳು ಸಾಲದ ಬಡ್ಡಿಯ ಬಗ್ಗೆ ಮಾತನಾಡುತ್ತಾರೆ. ಆದರೆ ಸರ್ಕಾರ ಬಾಂಡ್ ಮಾರಿ ಸಾಲ ಎತ್ತುವ ಶುಕ್ರವಾರದ ಹರಾಜಿನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಹೊಸ ಸಾಲದ ಬಡ್ಡಿಯನ್ನು ರೆಪೊ ದರದಷ್ಟೇ ಗಟ್ಟಿಯಾಗಿ ಈ ಹರಾಜೂ ನಿರ್ಧರಿಸಬಲ್ಲದು ಎಂಬುದು ನನ್ನ ಅಭಿಪ್ರಾಯ.

ದೇಶದ ಉಳಿತಾಯದಿಂದ ಸಾಲಕ್ಕೆ ಸಿಗುವ ಹಣಕ್ಕೆ ಒಂದು ಮಿತಿಯಿದೆ. ಬ್ಯಾಂಕುಗಳು ತಮ್ಮ ಠೇವಣಿಯ 18 ಶೇಕಡಾವನ್ನು ಸರ್ಕಾರಿ ಬಾಂಡ್‌ನಂತಹ ಸುರಕ್ಷಿತ ಆಸ್ತಿಗಳಲ್ಲಿ ಇಡಲೇಬೇಕು, ಆಚರಣೆಯಲ್ಲಿ ಅದಕ್ಕಿಂತ ಹೆಚ್ಚೇ ಇಡುತ್ತವೆ. ಸರ್ಕಾರ ಹೆಚ್ಚು ಬಾಂಡ್‌ಗಳನ್ನು ಮಾರಲು ಹೊರಟಾಗ, ಅವನ್ನು ಕೊಳ್ಳುವವರು ಹೆಚ್ಚು ಪ್ರತಿಫಲ ಕೇಳುತ್ತಾರೆ. ಸರ್ಕಾರಕ್ಕೆ ಕೊಟ್ಟ ಸಾಲ ಮುಳುಗುವ ಭಯವಿಲ್ಲದಿದ್ದೂ 7 ಶೇಕಡಾ ಸಿಗುತ್ತದೆಂದರೆ, ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗೆ ಕೊಡುವಾಗ ಬ್ಯಾಂಕು ಅದರ ಮೇಲೆ ಒಂದಿಷ್ಟು ಸೇರಿಸಿಯೇ ಕೇಳುತ್ತದೆ. ಸರ್ಕಾರದ ದರ ಏರಿದರೆ ಉಳಿದವರ ದರವೂ ಅದರ ಮೇಲಿಂದಲೇ ಲೆಕ್ಕಕ್ಕೆ ಬರುತ್ತದೆ.

ಇದು ನಿಜವಾಗಿ ಹೇಗೆ ನಡೆಯುತ್ತದೆಂದು ನೋಡಲು 2022ರ ಆರಂಭದ ತಿಂಗಳುಗಳೇ ಸಾಕು. ಆಗ ರೆಪೊ ದರ 2020ರ ಮೇ ತಿಂಗಳಿಂದ 4 ಶೇಕಡಾದಲ್ಲೇ ನಿಂತಿತ್ತು. ಫೆಬ್ರವರಿ 1ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಮುಂದಿನ ವರ್ಷಕ್ಕೆ ಸುಮಾರು 14.95 ಲಕ್ಷ ಕೋಟಿ ರೂಪಾಯಿಗಳ ಒಟ್ಟು ಮಾರುಕಟ್ಟೆ ಸಾಲವನ್ನು ಪ್ರಕಟಿಸಿತು. ಮಾರುಕಟ್ಟೆ ನಿರೀಕ್ಷಿಸಿದ್ದಕ್ಕಿಂತ ಇದು ಬಹಳ ಹೆಚ್ಚಿತ್ತು. ಹತ್ತು ವರ್ಷದ ಬಾಂಡ್‌ನ ಪ್ರತಿಫಲ ಅದೇ ದಿನ ಸುಮಾರು 6.7 ಶೇಕಡಾದಿಂದ 6.8 ಶೇಕಡಾದ ಆಚೆಗೆ ಏರಿತು, ರೆಪೊ ದರ ಮಾತ್ರ ಒಂದಿಷ್ಟೂ ಕದಲಲಿಲ್ಲ. ಮುಂದಿನ ವಾರಗಳಲ್ಲಿ ಕಚ್ಚಾ ತೈಲದ ಬೆಲೆ, ಅಮೆರಿಕದ ಬಡ್ಡಿದರ, ನಮ್ಮದೇ ಬೆಲೆಯೇರಿಕೆ ಎಲ್ಲವೂ ಸೇರಿ ದರವನ್ನು ಮೇಲೆತ್ತಿದವು, ಆದ್ದರಿಂದ ಪೂರ್ಣ ಹೊಣೆಯನ್ನು ಸರ್ಕಾರದ ಸಾಲಕ್ಕೆ ಹೊರಿಸುವುದು ನ್ಯಾಯವಲ್ಲ. ಆದರೆ ಆ ಒಂದು ದಿನದ ಏರಿಕೆಗೆ ಬಜೆಟ್‌ನ ಸಾಲದ ಮೊತ್ತವೇ ಮುಖ್ಯ ಕಾರಣ.

ಹಾಗಾದರೆ ಸರ್ಕಾರ ಸಾಲ ಮಾಡಿದಾಗಲೆಲ್ಲ ಹೀಗಾಗುತ್ತದೆಯೇ? ಇಲ್ಲ, ಮತ್ತು ಇದನ್ನು ಬಹಳಷ್ಟು ಜನ ಮರೆಯುತ್ತಾರೆ. 2020ರ ಮೇ ತಿಂಗಳಲ್ಲಿ ಕೇಂದ್ರ ತನ್ನ ವರ್ಷದ ಸಾಲವನ್ನು 7.8 ಲಕ್ಷ ಕೋಟಿಯಿಂದ 12 ಲಕ್ಷ ಕೋಟಿಗೆ ಏರಿಸಿತು. ಆದರೂ ದರಗಳು ಏರಲಿಲ್ಲ, ಏಕೆಂದರೆ ಕಾರ್ಖಾನೆಗಳು ಮುಚ್ಚಿದ್ದವು, ಹೊಸ ಸಾಲ ಕೇಳುವವರೇ ಇರಲಿಲ್ಲ, ರಿಸರ್ವ್ ಬ್ಯಾಂಕ್ ತಾನೂ ಬಾಂಡ್‌ಗಳನ್ನು ಕೊಳ್ಳುತ್ತಿತ್ತು. ಜನರೇ ಇಲ್ಲದ ಬಾವಿಕಟ್ಟೆಗೆ ಸರ್ಕಾರ ಬಂದು ಕೊಡ ತುಂಬಿಕೊಂಡರೆ ಯಾರಿಗೂ ತೊಂದರೆಯಿಲ್ಲ, ನೀರಿಗಾಗಿ ಊರೇ ಸಾಲುಗಟ್ಟಿ ನಿಂತಿರುವಾಗ ಬಂದರೆ ಮಾತ್ರ ಹಿಂದಿನವರು ಕಾಯಬೇಕಾಗುತ್ತದೆ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಬಾಂಡ್ ಖರೀದಿ ಕಾರ್ಯಕ್ರಮವನ್ನು ನಿಲ್ಲಿಸಿತು. ಆರ್ಥಿಕತೆ ಎದ್ದು ನಿಂತು, ಆ ಖರೀದಿಯೂ ನಿಂತ ಮೇಲೆ ಬಂದದ್ದು 2022ರ ಬಜೆಟ್.

ಈಗ ಫೌಂಡ್ರಿಯ ಲೆಕ್ಕಕ್ಕೆ ಬರೋಣ. ಲೋಹ ಕರಗಿಸುವ ಹೊಸ ಇಂಡಕ್ಷನ್ ಫರ್ನೇಸ್‌ಗೆಂದು ಒಬ್ಬರು ಒಂದು ಕೋಟಿ ರೂಪಾಯಿಯನ್ನು ಏಳು ವರ್ಷಕ್ಕೆ ಸಾಲ ಪಡೆಯುತ್ತಾರೆ ಎಂದಿಟ್ಟುಕೊಳ್ಳಿ. 10 ಶೇಕಡಾ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 1,66,000 ರೂಪಾಯಿ, 11 ಶೇಕಡಾ ಆದರೆ ಸುಮಾರು 1,71,200. ಏಳು ವರ್ಷಕ್ಕೆ ಹೆಚ್ಚುವರಿ ಹೊರೆ ಸುಮಾರು 4.4 ಲಕ್ಷ. ಗಟ್ಟಿ ಆರ್ಡರ್ ಇರುವವರು ಇದನ್ನು ತಾಳಿಕೊಳ್ಳುತ್ತಾರೆ. ತೆಳುವಾದ ಲಾಭಾಂಶದಲ್ಲಿ ಹೊಸ ಫರ್ನೇಸ್ ಹಾಕಲು ಯೋಚಿಸುತ್ತಿದ್ದವರು ಮಾತ್ರ ಯೋಜನೆಯನ್ನೇ ಮುಂದೂಡುತ್ತಾರೆ. ಹೀಗೆ ನಡೆಯದೆ ಹೋದ ಹೂಡಿಕೆ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ, ಇದೇ ನನಗೆ ಹೆಚ್ಚು ನೋವುಂಟುಮಾಡುವ ಸಂಗತಿ.

ಒಂದು ವ್ಯತ್ಯಾಸವನ್ನು ಹೇಳಲೇಬೇಕು. 2019ರ ಅಕ್ಟೋಬರ್‌ನಿಂದ ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ಬಡ್ಡಿಯ ಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊ ದರಕ್ಕೇ, ಜೋಡಣೆಯಾಗಿವೆ. ಆದ್ದರಿಂದ ಈಗಾಗಲೇ ಸಾಲ ಪಡೆದವರಿಗೆ ಬಾಂಡ್ ದರದ ಪೆಟ್ಟು ನೇರವಾಗಿ ತಟ್ಟುವುದಿಲ್ಲ. ಅದು ತಟ್ಟುವುದು ಹೊಸ ಸಾಲಕ್ಕೆ ಬ್ಯಾಂಕು ಮೇಲೆ ಸೇರಿಸುವ ಅಂಶದಲ್ಲಿ, ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಸಾಲದಲ್ಲಿ, ಏಕೆಂದರೆ ಆ ಸಂಸ್ಥೆಗಳು ತಾವೇ ಬಾಂಡ್ ಮಾರುಕಟ್ಟೆಯಿಂದಲೂ ಬ್ಯಾಂಕುಗಳಿಂದಲೂ ಹಣ ತರುತ್ತವೆ. ಬ್ಯಾಂಕಿನ ಬಾಗಿಲಿನಿಂದ ಹಿಂದಿರುಗಿದ ಸಣ್ಣವರು ಹೋಗುವುದೂ ಅಲ್ಲಿಗೇ.

ಕೇಂದ್ರ ಮಾತ್ರವಲ್ಲ, ರಾಜ್ಯಗಳೂ ಇದೇ ಹಣಕ್ಕೆ ಕೈ ಚಾಚುತ್ತವೆ, ಅವುಗಳ ಬಾಂಡ್ ಹರಾಜು ಮಂಗಳವಾರ ನಡೆಯುತ್ತದೆ. 2025-26ರ ಬಜೆಟ್‌ನಲ್ಲಿ ಕರ್ನಾಟಕ 1.16 ಲಕ್ಷ ಕೋಟಿ ಸಾಲವನ್ನೂ ಸುಮಾರು 19 ಸಾವಿರ ಕೋಟಿ ರಾಜಸ್ವ ಕೊರತೆಯನ್ನೂ ಅಂದಾಜಿಸಿತ್ತು. ರಾಜಸ್ವ ಕೊರತೆಯೆಂದರೆ ಆ ಭಾಗದ ಸಾಲ ದಿನನಿತ್ಯದ ಖರ್ಚಿಗೇ ಹೋಗುತ್ತದೆ ಎಂದರ್ಥ. ಘಾಟಿ ರಸ್ತೆಗೋ ವಿದ್ಯುತ್ ಉಪಕೇಂದ್ರಕ್ಕೋ ಮಾಡಿದ ಸಾಲ ಫೌಂಡ್ರಿಯ ಸಾಗಣೆ ವೆಚ್ಚವನ್ನೂ ಕರೆಂಟು ಹೋಗುವ ನಷ್ಟವನ್ನೂ ಇಳಿಸಿ, ಏರಿದ ಬಡ್ಡಿಯ ಒಂದು ಭಾಗವನ್ನಾದರೂ ತೀರಿಸುತ್ತದೆ, ದಿನನಿತ್ಯದ ಖರ್ಚಿನ ಸಾಲಕ್ಕೆ ಆ ಗುಣವಿಲ್ಲ. ಹಾಗಾಗಿ ರಾಜಸ್ವ ಕೊರತೆಯನ್ನು ಮೊದಲು ಮುಚ್ಚಿ ಎಂದು ನಮ್ಮ ಪ್ರತಿನಿಧಿಗಳನ್ನು ಕೇಳುವುದು ಬಡವರ ಯೋಜನೆಗಳ ವಿರುದ್ಧದ ಮಾತು ಎಂದು ನಾನು ಒಪ್ಪುವುದಿಲ್ಲ, ತೆರಿಗೆಯಿಂದ ಆ ಖರ್ಚನ್ನು ಭರಿಸಿ ಎಂದಷ್ಟೇ ಅದರ ಅರ್ಥ.

ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರದ ಅರ್ಧವಾರ್ಷಿಕ ಸಾಲದ ವೇಳಾಪಟ್ಟಿ ಹೊರಬರುತ್ತದೆ. ದೊಡ್ಡ ಸಾಲ ಯೋಚಿಸುತ್ತಿರುವ ಗೆಳೆಯರು ಅದನ್ನು ಒಮ್ಮೆ ನೋಡಿ, ಅದರ ಮೊತ್ತ ನಿರೀಕ್ಷೆಗಿಂತ ದೊಡ್ಡದಿದ್ದು, ಬ್ಯಾಂಕ್ ಸಾಲದ ಬೇಡಿಕೆಯೂ ಜೋರಾಗಿದ್ದರೆ, ಬಡ್ಡಿಯನ್ನು ನಿಗದಿತ ದರದಲ್ಲಿ ಕಟ್ಟಿಕೊಳ್ಳುವ ಬಗ್ಗೆ ನಿಮ್ಮ ಲೆಕ್ಕಪರಿಶೋಧಕರೊಂದಿಗೆ ಮಾತನಾಡಿ.